ಆಯಿಯ ಡಬ್ಬಿ, ಅಳ್ಳಿನ ಜೋಳ ಮತ್ತು ಮೈನಸ್ 20 ಡಿಗ್ರಿ

ನಮ್ಮೂರು ಅಫಜಲಪುರ ತಾಲೂಕಿನಲ್ಲಿ ಭೀಮಾ ನದಿ ದಂಡೆಯ ಒಂದು ಹಳ್ಳಿ. ನಾಗರ ಪಂಚಮಿ ಬಂತು ಅಂದ್ರೆ ಮನೆಯಲ್ಲಿ ಅಳ್ಳು ಹುರಿಯಬೇಕು. ಎಲ್ಲಾ ಜೋಳ ಅಳ್ಳಾಗಲ್ಲ. ರೊಟ್ಟಿಗೆ ಬಳಸುವ ಮಾಲ್ದಂಡಿ ಹುರಿದರೆ ಅರ್ಧ ಸೀದು ಹೋಗುತ್ತೆ. ಅಳ್ಳಿನ ಜೋಳ ಅಂತಲೇ ಬೇರೆ ತಳಿ ಇದೆ, ಕಾಳು ಸಣ್ಣದು, ಗಟ್ಟಿ. ನಮ್ಮ ಆಯಿ ಪ್ರತಿ ಹಿಂಗಾರಿಯಲ್ಲಿ ಹೊಲದ ಅಂಚಿಗೆ ಅದರ ಎರಡು ಸಾಲು ಹಾಕಿಸ್ತಿದ್ದಳು. ಆರು ವರ್ಷದ ಹಿಂದೆ ಹೊಲಕ್ಕೆ ಕಬ್ಬು ಬಂತು, ಆ ಎರಡು ಸಾಲು ನಿಂತುಹೋಯ್ತು. ಬೀಜ ಮಾತ್ರ ಬೂದಿ, ಬೇವಿನ ಎಲೆ ಹಾಕಿ ಒಂದು ಡಬ್ಬಿಯಲ್ಲಿ ಅಟ್ಟದ ಮೇಲೆ ಉಳಿದಿತ್ತು.

ಕಳೆದ ರಜೆಯಲ್ಲಿ ಆ ಡಬ್ಬಿ ಇಳಿಸಿದೆ. ಜೋಳದ ಜೊತೆಗೆ ಒಂದು ಮಾವಿನ ಗೊರಟೆಯೂ ಸಿಕ್ಕಿತು. ಅದನ್ನು ಇಟ್ಟವಳು ನಾನೇ, ಐದನೇ ಕ್ಲಾಸಿನಲ್ಲಿ. ಹಿತ್ತಲಿನ ಮಾವಿನ ಮರ ಕಡಿದು ರೂಮು ಕಟ್ಟಿಸುವಾಗ ಕೊನೆಯ ಹಣ್ಣಿನ ಗೊರಟೆಯನ್ನು ತೊಳೆದು, ಒಂದು ವಾರ ಬಿಸಿಲಿಗೆ ಒಣಗಿಸಿ, ಆಯಿ ಬೀಜ ಇಡುವ ಹಾಗೆಯೇ ಬೂದಿಯಲ್ಲಿ ಹುಗಿದಿದ್ದೆ. ಈಗ ಅಲ್ಲಾಡಿಸಿದರೆ ಗಿಲಕಿ ಥರ ಸದ್ದು. ಒಡೆದು ನೋಡಿದರೆ ಒಳಗೆ ಕಪ್ಪಗೆ ಸುಕ್ಕಾದ ತುಂಡು.

ಜೋಳದಲ್ಲಿ ಐವತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಆಯಿ ನೋಡಿ, "ಏನ್ ಮಾಡ್ಲಕತ್ತಿಯವ್ವಾ? ಆ ಜ್ವಾಳ ಹುಟ್ಟಂಗಿಲ್ಲ ಬಿಡು" ಅಂದಳು. ಏಳು ದಿನಕ್ಕೆ ಮೂರು ಮೊಳಕೆ ಬಂದವು. ಉಳಿದ ನಲವತ್ತೇಳು ಬೂಸ್ಟು ಹಿಡಿದು ಕೊಳೆತವು. ಡಬ್ಬಿಯಲ್ಲಿದ್ದದ್ದೇ ಇನ್ನೊಂದು ಮುಷ್ಟಿ ಕಾಳು, ಅದರಲ್ಲೂ ಬಹಳಷ್ಟನ್ನು ನುಸಿ ತೂತು ಮಾಡಿತ್ತು.

ಒಂದೇ ಡಬ್ಬಿ, ಒಂದೇ ಬೂದಿ. ಆದರೂ ಜೋಳದಲ್ಲಿ ಮೂರಾದರೂ ಉಳಿದವು. ಮಾವು ಮಾತ್ರ ಡಬ್ಬಿಗೆ ಬೀಳುವ ಮೊದಲೇ, ಬಿಸಿಲಲ್ಲೇ ಸತ್ತಿತ್ತು. ಇದು ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

1973ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಇ. ಎಚ್. ರಾಬರ್ಟ್ಸ್ ಬೀಜಗಳನ್ನು ಎರಡು ಗುಂಪು ಮಾಡಿದರು. ಒಣಗಿಸಿ ತಣ್ಣಗಿಟ್ಟಷ್ಟೂ ಹೆಚ್ಚು ದಿನ ಬದುಕುವವು ಆರ್ಥೊಡಾಕ್ಸ್ ಬೀಜಗಳು. ಜೋಳ, ತೊಗರಿ, ಕಡಲೆ, ಭತ್ತ, ಸಜ್ಜೆ ಎಲ್ಲಾ ಇದೇ ಗುಂಪು. ಒಣಗಿಸಿದರೆ ಸಾಯುವವು ರಿಕ್ಯಾಲ್ಸಿಟ್ರಂಟ್, ನಮ್ಮ ಮಾತಿನಲ್ಲಿ ಹಠಮಾರಿ ಬೀಜಗಳು. ಮಾವು, ಹಲಸು, ನೇರಳೆ, ತೆಂಗು, ರಬ್ಬರ್, ಕೋಕೋ ಇಲ್ಲಿ ಬರುತ್ತವೆ. 1990ರಲ್ಲಿ ನಡುವಿನ ಮೂರನೇ ಗುಂಪೂ ಬಂತು. ನಮ್ಮ ಕಾಫಿ ಅದರಲ್ಲಿದೆ, ಸ್ವಲ್ಪ ಒಣಗುವುದನ್ನು ತಡೆಯುತ್ತೆ, ಆದರೆ ಪೂರ್ತಿ ಒಣಗಿಸಿ ಫ್ರೀಜರಿಗೆ ಹಾಕಿದರೆ ಹಾಳಾಗುತ್ತೆ.

ವ್ಯತ್ಯಾಸ ಶುರುವಾಗುವುದು ಬೀಜ ಇನ್ನೂ ಗಿಡದಲ್ಲೇ ಇರುವಾಗ. ಜೋಳದ ತೆನೆ ಹಾಲುಗಾಳಿನಿಂದ ಗಟ್ಟಿಯಾಗುವ ಹೊತ್ತಿಗೆ ಕಾಳು ತಾನೇ ನೀರು ಬಿಡೋಕೆ ಶುರು ಮಾಡುತ್ತೆ. ಅದೇ ಸಮಯಕ್ಕೆ ಜೀವಕೋಶದೊಳಗೆ ಸಕ್ಕರೆ ಅಂಶಗಳನ್ನೂ, ಒಣಗುವಾಗ ಬೇರೆ ಪ್ರೋಟೀನುಗಳು ಮುದ್ದೆಯಾಗದಂತೆ ಕಾಯುವ ವಿಶೇಷ ಪ್ರೋಟೀನುಗಳನ್ನೂ ತುಂಬಿಕೊಳ್ಳುತ್ತೆ. ನೀರು ಹೋದ ಜಾಗದಲ್ಲಿ ಇವು ನಿಂತು, ಕೋಶದ ದ್ರವ ನಿಧಾನಕ್ಕೆ ಗಾಜಿನಂಥ ಸ್ಥಿತಿಗೆ ಬರುತ್ತೆ. ಮೆಟೀರಿಯಲ್ ಸೈನ್ಸ್ ಓದಿದವರಿಗೆ ಗ್ಲಾಸ್ ಟ್ರಾನ್ಸಿಷನ್ ಗೊತ್ತಲ್ಲ, ಇದೂ ಅದೇ. ಗಾಜಿನೊಳಗೆ ಅಣುಗಳ ಓಡಾಟ ಬಹಳ ನಿಧಾನ, ಹಾಗಾಗಿ ಹಾಳು ಮಾಡುವ ರಾಸಾಯನಿಕ ಕ್ರಿಯೆಗಳೂ ನಿಧಾನ.

ಮಾವಿನ ಬೀಜ ಈ ತಯಾರಿ ಮಾಡಿಕೊಳ್ಳುವುದೇ ಇಲ್ಲ. ಹಣ್ಣಿನಿಂದ ಹೊರಬಂದಾಗಲೂ ಅದು ನೀರು ತುಂಬಿಕೊಂಡು ಉಸಿರಾಡುತ್ತಿರುತ್ತೆ, ಮೊಳೆಯುವ ಕೆಲಸ ಆಗಲೇ ಶುರುವಾಗಿರುತ್ತೆ. ಮಳೆಗಾಲದ ಬಾಯಲ್ಲಿ ನೆಲಕ್ಕೆ ಬೀಳುವ ಬೀಜಕ್ಕೆ ಕಾಯುವ ಅವಶ್ಯಕತೆ ಎಲ್ಲಿದೆ? ಇದನ್ನು ಒಣಗಿಸಿದರೆ ಕೋಶದ ಪೊರೆಗಳು ಹರಿಯುತ್ತವೆ. ಒಣಗಿಸದೆ ಫ್ರೀಜರಿನಲ್ಲಿಟ್ಟರೆ ಒಳಗಿನ ನೀರು ಮಂಜುಗಡ್ಡೆಯಾಗಿ ಅದೇ ಪೊರೆಗಳನ್ನು ಸೀಳುತ್ತೆ. ಒದ್ದೆಯಾಗಿಯೇ ಹೊರಗಿಟ್ಟರೆ ಮೊಳೆಯುತ್ತೆ ಅಥವಾ ಕೊಳೆಯುತ್ತೆ. ಐದನೇ ಕ್ಲಾಸಿನಲ್ಲಿ ನಾನು ತೋರಿಸಿದ ಕಾಳಜಿಯೇ ಅದನ್ನು ಕೊಂದಿದ್ದು.

ಈಗ ಜೋಳದ ಲೆಕ್ಕಕ್ಕೆ ಬರೋಣ. ಒಂದು ಡಬ್ಬಿಯ ಕಾಳುಗಳೆಲ್ಲಾ ಒಂದೇ ದಿನ ಸಾಯಲ್ಲ. ಯಾವ ಕಾಳು ಯಾವಾಗ ಸಾಯುತ್ತೆ ಅನ್ನುವುದು ಹೆಚ್ಚುಕಡಿಮೆ ನಾರ್ಮಲ್ ಡಿಸ್ಟ್ರಿಬ್ಯೂಷನ್ ಥರ ಹರಡಿರುತ್ತೆ, ಎಂ-3ರಲ್ಲಿ ನಮ್ಮನ್ನೆಲ್ಲಾ ಕಾಡಿದ ಅದೇ ಗಂಟೆ ಆಕಾರದ ಕರ್ವ್. ಹಾಗಾಗಿ ಬದುಕಿರುವ ಕಾಳುಗಳ ಶೇಕಡಾವಾರು ಗ್ರಾಫ್ ಹಾಕಿದರೆ ಮೊದಲು ಮಟ್ಟಸವಾಗಿ ಹೋಗಿ, ಆಮೇಲೆ ಧಡಕ್ಕನೆ ಇಳಿದು, ಕೊನೆಗೆ ಸಣ್ಣ ಬಾಲ ಉಳಿಯುತ್ತೆ. ನನ್ನ ಮೂರು ಕಾಳು ಆ ಬಾಲದಲ್ಲಿದ್ದವು.

ಜೆಡ್ ಟೇಬಲ್ ತೆಗೆದು ಲೆಕ್ಕ ಮಾಡಿದೆ. ಕಟಾವಿನ ಹೊತ್ತಿಗೆ ಶೇ 98 ಕಾಳು ಜೀವಂತ ಇದ್ದವು ಅಂತ ಇಟ್ಟುಕೊಂಡರೆ ಜೆಡ್ ಬೆಲೆ 2.05. ಆರು ವರ್ಷದ ನಂತರ ಐವತ್ತರಲ್ಲಿ ಮೂರು, ಅಂದರೆ ಶೇ 6, ಜೆಡ್ ಮೈನಸ್ 1.55. ಆರು ವರ್ಷಕ್ಕೆ 3.6 ಸಿಗ್ಮಾ ಇಳಿದಿದೆ, ಒಂದು ಸಿಗ್ಮಾಗೆ ಸುಮಾರು ಇಪ್ಪತ್ತು ತಿಂಗಳು. ಐವತ್ತು ಕಾಳಿನ ಟೆಸ್ಟು ಬಹಳ ಚಿಕ್ಕದು, ಹಾಗಾಗಿ ಇದು ಅಂದಾಜು ಅಷ್ಟೇ. ಈಗ ಹಿಂದಕ್ಕೆ ಹೋಗಿ ನೋಡಿ. ಮೊದಲ ಇಪ್ಪತ್ತು ತಿಂಗಳಿಗೆ ಶೇ 98ರಿಂದ 85ಕ್ಕೆ ಬಂದಿದೆ, ಯಾರಿಗೂ ಗೊತ್ತಾಗುವಂಥ ನಷ್ಟ ಅಲ್ಲ. ಮುಂದಿನ ಇಪ್ಪತ್ತು ತಿಂಗಳಿಗೆ 85ರಿಂದ 50. ಅಂದರೆ ಸುಮಾರು ಮೂರೂವರೆ ವರ್ಷಕ್ಕೆ ನಾನು ಡಬ್ಬಿ ತೆಗೆದಿದ್ದರೆ ಐವತ್ತರಲ್ಲಿ ಇಪ್ಪತ್ತೈದು ಹುಟ್ಟುತ್ತಿದ್ದವು. ಆಗ ನಾನು ಸಿಇಟಿ ಕನಸಿನಲ್ಲಿದ್ದೆ.

ಬೀಜಬ್ಯಾಂಕುಗಳು 85 ಅನ್ನುವ ಸಂಖ್ಯೆಯನ್ನು ಹಿಡಿದು ಕೂರುವುದು ಇದೇ ಕಾರಣಕ್ಕೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾನದಂಡದ ಪ್ರಕಾರ ಹೆಚ್ಚಿನ ಬೆಳೆಗಳ ಬೀಜ ಒಳಗೆ ಬರುವಾಗಲೇ ಶೇ 85ಕ್ಕಿಂತ ಹೆಚ್ಚು ಮೊಳೆಯಬೇಕು. ಆಮೇಲೆ ಮೊಳಕೆ ಪ್ರಮಾಣ ಶುರುವಿನ ಮಟ್ಟದ ಶೇ 85ಕ್ಕಿಂತ ಕೆಳಗೆ ಹೋದರೆ ಮತ್ತೆ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಗ್ರಾಫ್ ಧಡಕ್ಕನೆ ಇಳಿಯುವ ಜಾಗ ಅಲ್ಲಿಂದಲೇ ಶುರು. ಇನ್ನೊಂದು ಮಾತು ಇಲ್ಲೇ ಅರ್ಥವಾಗುತ್ತೆ. ಕಟಾವಾದ ಮೇಲೆ ಮಳೆಗೆ ಸಿಕ್ಕು ಶೇ 85ರಲ್ಲೇ ಶುರುವಾದ ಬೀಜವನ್ನು ಎಷ್ಟೇ ಒಳ್ಳೆ ಫ್ರೀಜರಿನಲ್ಲಿಟ್ಟರೂ, ಶೇ 98ರ ಬೀಜಕ್ಕೆ ಹೋಲಿಸಿದರೆ ಅರ್ಧಕ್ಕೆ ಇಳಿಯಲು ಅದಕ್ಕೆ ಅರ್ಧದಷ್ಟೇ ಸಮಯ ಸಾಕು.

ಸಿಗ್ಮಾವನ್ನು ಇಪ್ಪತ್ತು ತಿಂಗಳಿನಿಂದ ದಶಕಗಳಿಗೆ ಎಳೆಯುವುದು ಹೇಗೆ? ಎರಡೇ ಹಿಡಿಕೆ ಇವೆ, ತೇವಾಂಶ ಮತ್ತು ತಾಪಮಾನ. ಬೀಜದವರ ಬಾಯಲ್ಲಿ ಹ್ಯಾರಿಂಗ್ಟನ್ ನಿಯಮ ಅಂತ ಒಂದಿದೆ. ತೇವಾಂಶ ಶೇ 1 ಇಳಿಸಿದರೆ ಆಯಸ್ಸು ಎರಡು ಪಟ್ಟು, ತಾಪಮಾನ 5 ಡಿಗ್ರಿ ಇಳಿಸಿದರೂ ಎರಡು ಪಟ್ಟು. ನಮ್ಮ ಅಟ್ಟ ಸರಾಸರಿ 30 ಡಿಗ್ರಿ, ಕಾಳು ಶೇ 12 ತೇವ ಅಂದುಕೊಳ್ಳಿ. ಅದನ್ನು ಶೇ 6ಕ್ಕೆ ಒಣಗಿಸಿದರೆ 64 ಪಟ್ಟು. 30ರಿಂದ ಮೈನಸ್ 20ಕ್ಕೆ ಇಳಿಸಿದರೆ ಹತ್ತು ಸಲ ಎರಡು ಪಟ್ಟು, ಅಂದರೆ 1024. ಗುಣಿಸಿದರೆ 65,536 ಪಟ್ಟು. ನೋಡಿದ ಕೂಡಲೇ ಏನೋ ತಪ್ಪಿದೆ ಅನ್ನಿಸಬೇಕು.

ತಪ್ಪು ತಾಪಮಾನದ ಭಾಗದಲ್ಲಿದೆ. ಹ್ಯಾರಿಂಗ್ಟನ್ ನಿಯಮ ಹೇಳಿದ್ದೇ ಸೊನ್ನೆ ಡಿಗ್ರಿಗಿಂತ ಮೇಲಿನ ವ್ಯಾಪ್ತಿಗೆ. ಹಲವು ಬೆಳೆಗಳ ಬೀಜಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡ ಸೂತ್ರದಲ್ಲಿ ತಂಪು ಹೆಚ್ಚಾದಷ್ಟೂ ಲಾಭ ಕಡಿಮೆಯಾಗುತ್ತಾ ಹೋಗುತ್ತೆ:

```
ಪಟ್ಟು = 10^(0.0329*(T1 - T2) + 0.000478*(T1^2 - T2^2))
```

ಹತ್ತು ಹತ್ತು ಡಿಗ್ರಿಯಾಗಿ ಇಳಿಸಿ ನೋಡಿ. 30ರಿಂದ 20ಕ್ಕೆ ಬಂದರೆ 3.7 ಪಟ್ಟು, 20ರಿಂದ 10ಕ್ಕೆ 3, 10ರಿಂದ ಸೊನ್ನೆಗೆ 2.4, ಸೊನ್ನೆಯಿಂದ ಮೈನಸ್ 10ಕ್ಕೆ 1.9, ಅಲ್ಲಿಂದ ಮೈನಸ್ 20ಕ್ಕೆ ಬರೀ 1.5. ಎಲ್ಲಾ ಗುಣಿಸಿದರೆ ಸುಮಾರು 75, 1024 ಅಲ್ಲ. ಜಗತ್ತಿನ ಬೀಜಬ್ಯಾಂಕುಗಳು ಮೈನಸ್ 18 ಅಥವಾ 20ರ ಹತ್ತಿರ ಯಾಕೆ ನಿಂತಿವೆ, ಮೈನಸ್ 60ಕ್ಕೆ ಯಾಕೆ ಹೋಗಿಲ್ಲ ಅನ್ನುವುದಕ್ಕೆ ಒಂದು ಉತ್ತರ ಇಲ್ಲೇ ಇದೆ. ಮಾಮೂಲಿ ಫ್ರೀಜರ್ ತಂತ್ರಜ್ಞಾನ ಅಲ್ಲಿವರೆಗೆ ಸಲೀಸು, ಅದರಾಚೆ ಕರೆಂಟಿನ ಖರ್ಚು ಏರುತ್ತೆ, ಆಯಸ್ಸು ಅಷ್ಟು ಏರಲ್ಲ.

75 ಮತ್ತು 64 ಗುಣಿಸಿದರೂ 4,800 ಪಟ್ಟು. ಇಪ್ಪತ್ತು ತಿಂಗಳ ಸಿಗ್ಮಾ ಎಂಟು ಸಾವಿರ ವರ್ಷ ಆಗುತ್ತೆ! ಇದನ್ನೂ ನಂಬಬೇಡಿ. ಇವು ಬಿಸಿ, ತೇವದ ಸ್ಥಿತಿಯಲ್ಲಿ ವೇಗವಾಗಿ ಸಾಯಿಸಿ ಅಳೆದ ಸಂಖ್ಯೆಗಳನ್ನು ತಂಪಿನ ಕಡೆಗೆ ಎಳೆದು ಪಡೆದ ಉತ್ತರಗಳು. ಫ್ರೀಜರ್ ಬೀಜಬ್ಯಾಂಕುಗಳಿಗೆ ಇನ್ನೂ ಒಂದು ಮನುಷ್ಯನ ಆಯಸ್ಸೂ ತುಂಬಿಲ್ಲ. ಅದಕ್ಕೇ ಅವರು ಸೂತ್ರ ನಂಬಿ ಬಾಗಿಲು ಹಾಕಿಕೊಂಡು ಕೂರಲ್ಲ, ಕೆಲವು ವರ್ಷಕ್ಕೊಮ್ಮೆ ಪ್ಯಾಕೆಟಿನಿಂದ ಕಾಳು ತೆಗೆದು ಮೊಳಕೆ ಪರೀಕ್ಷೆ ಮಾಡುತ್ತಲೇ ಇರುತ್ತಾರೆ.

ಒಣಗಿಸುವುದು ಕೂಡ ಬಿಸಿಲಲ್ಲಿ ಅಲ್ಲ. ನಮ್ಮ ಕಲಬುರಗಿ ಬಿಸಿಲು ನೀರು ತೆಗೆಯುತ್ತೆ ನಿಜ, ಆದರೆ ಒದ್ದೆ ಕಾಳು ಬಿಸಿಯಾದರೆ ಅದರ ವಯಸ್ಸೂ ಓಡುತ್ತೆ. ಹಾಗಾಗಿ ತಣ್ಣಗಿರುವ, ಗಾಳಿಯಲ್ಲಿ ತೇವ ಬಹಳ ಕಡಿಮೆ ಇರುವ ಕೋಣೆಯಲ್ಲಿ ಬಟ್ಟೆ ಚೀಲದಲ್ಲಿಟ್ಟು ವಾರಗಟ್ಟಲೆ ಬಿಡುತ್ತಾರೆ. 15 ಡಿಗ್ರಿ, ಶೇ 15 ಆರ್ದ್ರತೆ ಅನ್ನುವುದು ಸಾಮಾನ್ಯ ಸೆಟ್ಟಿಂಗು. ಆಮೇಲೆ ಗಾಳಿಯಾಡದ ಅಲ್ಯೂಮಿನಿಯಂ ಹಾಳೆಯ ಪ್ಯಾಕೆಟಿಗೆ ಸೀಲು. ಇಲ್ಲಿ ಸಲೀಸಾಗಿ ಆಗುವ ತಪ್ಪು ಒಂದಿದೆ. ಫ್ರೀಜರಿನಿಂದ ತೆಗೆದ ಪ್ಯಾಕೆಟನ್ನು ತಕ್ಷಣ ಕತ್ತರಿಸಿದರೆ, ಫ್ರಿಜ್ಜಿನ ಬಾಟಲಿ ಬೆವರುವ ಹಾಗೆ, ಹೊರಗಿನ ಗಾಳಿಯ ತೇವ ತಣ್ಣನೆ ಕಾಳಿನ ಮೇಲೆ ಕೂರುತ್ತೆ. ವಾರಗಟ್ಟಲೆ ಒಣಗಿಸಿದ್ದು ಹತ್ತು ನಿಮಿಷದಲ್ಲಿ ವ್ಯರ್ಥ. ಪ್ಯಾಕೆಟ್ ರೂಮಿನ ತಾಪಮಾನಕ್ಕೆ ಬರುವವರೆಗೆ ಕಾದೇ ತೆರೆಯಬೇಕು. ತುಂಬಾ ಒಣಗಿದ ಬೇಳೆಕಾಳನ್ನು ನೇರವಾಗಿ ನೀರಿಗೆ ಹಾಕುವುದೂ ತಪ್ಪು. ನೀರು ನುಗ್ಗುವ ರಭಸಕ್ಕೇ ಒಣ ಪೊರೆಗಳು ಒಡೆದು, ಬದುಕಿದ್ದ ಬೀಜ ಸತ್ತ ಹಾಗೆ ಫಲಿತಾಂಶ ಬರುತ್ತೆ. ಮೊದಲು ತೇವದ ಗಾಳಿಯಲ್ಲಿಟ್ಟು, ಆಮೇಲೆ ನೀರು ತೋರಿಸಬೇಕು.

ಇಷ್ಟೆಲ್ಲಾ ಪಾಡುಪಟ್ಟು ಇಟ್ಟಿದ್ದು ಯಾರಿಗೆ ಬೇಕಾಯ್ತು? ನಮ್ಮ ಜಿಲ್ಲೆಗೇ ಬೇಕಾಯ್ತು. ತೊಗರಿ ಬೆಳೆಯುವವರ ಮನೆಯವರಾದರೆ ನೆಟೆ ರೋಗ ಗೊತ್ತಿರುತ್ತೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಚೆಂದಗಿದ್ದ ಗಿಡ ನಿಂತ ನಿಲುವಿನಲ್ಲೇ ಒಣಗುತ್ತೆ, ಕೆಲವು ಸಲ ಅರ್ಧ ಗಿಡ ಮಾತ್ರ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಕಾಣುತ್ತೆ. ಕಾಂಡ ಸೀಳಿದರೆ ನೀರು ಹೋಗುವ ದಾರಿ ಕಪ್ಪಾಗಿರುತ್ತೆ. ಇದು ಫ್ಯುಸೇರಿಯಂ ಶಿಲೀಂಧ್ರದ ಕೆಲಸ. ಅದು ಮಣ್ಣಿನಲ್ಲಿ, ಹಳೆ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತೆ, ಹಾಗಾಗಿ ಔಷಧಿ ಹೊಡೆದು ಗೆಲ್ಲುವುದು ಕಷ್ಟ.

ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆಯ ಬೀಜಬ್ಯಾಂಕಿನಲ್ಲಿ ಇವತ್ತು 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಪ್ರತಿಯೊಂದಕ್ಕೂ ಐಸಿಪಿ ಅಂತ ಶುರುವಾಗುವ ಒಂದು ನಂಬರು. ನಮ್ಮ ಯುಎಸ್‌ಎನ್ ಇದ್ದ ಹಾಗೆ. ಅಲ್ಲಿಯವರು ನೆಟೆ ರೋಗದ ಶಿಲೀಂಧ್ರವನ್ನು ಬೇಕಂತಲೇ ತುಂಬಿದ ಹೊಲದಲ್ಲಿ ಮಾದರಿಗಳನ್ನು ಬಿತ್ತಿ, ಯಾವುದು ಉಳಿಯುತ್ತೆ ಅಂತ ನೋಡಿದರು. ಹಾಗೆ ಉಳಿದವುಗಳಲ್ಲಿ ಒಂದು ಐಸಿಪಿ 8863, ಮಹಾರಾಷ್ಟ್ರದ ಒಂದು ನಾಡತಳಿಯಿಂದ ಆರಿಸಿದ್ದು. 1986ರಲ್ಲಿ ಅದು ಮಾರುತಿ ಅನ್ನುವ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯ್ತು, ನಮ್ಮ ಕಡೆಯ ಕರಿ ಮಣ್ಣಿನಲ್ಲಿ ಬೇಗ ಹರಡಿತು. ಅದಕ್ಕೆ ಕ್ರಾಸಿಂಗ್ ಕೂಡ ಮಾಡಿರಲಿಲ್ಲ. ಯಾವುದೋ ರೈತರ ಹೊಲದಲ್ಲಿ ಆಗಲೇ ಇದ್ದ ಗುಣ ಅದು, ಬೇರ್ಪಡಿಸಿ ಹೊರತಂದರು ಅಷ್ಟೇ.

ಕತೆ ಇಲ್ಲಿಗೇ ಸುಖಾಂತ ಅಲ್ಲ. ಇದೇ ಮಾರುತಿಗೆ ಗೊಡ್ಡು ರೋಗ ತಡೆಯುವ ಶಕ್ತಿ ಇಲ್ಲ. ಗೊಡ್ಡು ರೋಗ ಅಂದರೆ ಎಲೆ ಮಚ್ಚೆಮಚ್ಚೆಯಾಗಿ, ಗಿಡ ಹಸಿರಾಗಿದ್ದೂ ಹೂ ಬಿಡದೆ ನಿಲ್ಲುವ ವೈರಸ್ ಕಾಯಿಲೆ. ಎಷ್ಟು ಸಲೀಸಾಗಿ ತಗಲುತ್ತೆ ಅಂದರೆ, ಆ ರೋಗದ ಪರೀಕ್ಷೆ ಮಾಡುವ ವಿಜ್ಞಾನಿಗಳು ರೋಗ ಬಂದೇ ಬರುವ ಸಾಲು ಬೇಕಾದಾಗ ಐಸಿಪಿ 8863 ಅನ್ನೇ ಬಿತ್ತುತ್ತಾರೆ! ಒಂದು ರೋಗಕ್ಕೆ ಹೀರೋ, ಇನ್ನೊಂದಕ್ಕೆ ಮೊದಲ ಬಲಿ. ಹಾಗಾಗಿ ಎರಡನ್ನೂ ತಡೆಯುವ ತಳಿ ಬೇಕಾದಾಗ ಮತ್ತೆ ಬೇರೆ ಮಾದರಿಗಳ ಕಡೆ ಹೋಗಬೇಕಾಯ್ತು, 1993ರಲ್ಲಿ ಬಂದ ಆಶಾ ಅಂಥದ್ದು. ಮಾರುತಿ ಸಿಕ್ಕಿತಲ್ಲ ಅಂತ ಉಳಿದ ಪ್ಯಾಕೆಟುಗಳನ್ನು ಎಸೆಯೋಕೆ ಆಗಲ್ಲ ಅನ್ನೋದು ಇದಕ್ಕೇ.

ಹಠಮಾರಿ ಬೀಜಗಳಿಗೆ ಈ ಯಾವ ಪ್ಯಾಕೆಟೂ ಕೆಲಸಕ್ಕೆ ಬರಲ್ಲ. ಅವುಗಳ ಬ್ಯಾಂಕು ಅಂದರೆ ತೋಟವೇ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ನೂರಾರು ಮಾವಿನ ತಳಿಗಳು ಕಸಿ ಮಾಡಿದ ಮರಗಳಾಗಿ ನಿಂತಿವೆ. ದಕ್ಷಿಣ ಕನ್ನಡದ ಕಿದುವಿನಲ್ಲಿ, ಕಾಸರಗೋಡಿನ ತೆಂಗು ಸಂಶೋಧನಾ ಸಂಸ್ಥೆಗೆ ಸೇರಿದ ಜಾಗದಲ್ಲಿ, ದಕ್ಷಿಣ ಏಷ್ಯಾದ ತೆಂಗಿನ ತಳಿಗಳ ತೋಟವಿದೆ. ಒಂದು ಚದರ ಮೀಟರಿನ ಫ್ರೀಜರ್ ಕಪಾಟಿನಲ್ಲಿ ನೂರಾರು ಜೋಳದ ತಳಿ ಹಿಡಿಯುತ್ತವೆ, ಅಷ್ಟು ಜಾಗದಲ್ಲಿ ಒಂದು ತೆಂಗಿನ ಗಿಡವೂ ಹಿಡಿಯಲ್ಲ. ಮೇಲಾಗಿ ತೋಟಕ್ಕೆ ರೋಗ, ಬಿರುಗಾಳಿ, ಬೆಂಕಿ ಎಲ್ಲದರ ಭಯ ಇದ್ದೇ ಇದೆ.

ಇನ್ನೊಂದು ದಾರಿ ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಇಡೀ ಹಲಸಿನ ಬೀಜವನ್ನು ಮುಳುಗಿಸಿದರೆ ಸಾಯುತ್ತೆ. ಅದರೊಳಗಿನ ಭ್ರೂಣದ ಅಕ್ಷವನ್ನು, ಅಂದರೆ ಮುಂದೆ ಬೇರು ಮತ್ತು ಚಿಗುರು ಆಗುವ ಕೆಲವೇ ಮಿಲಿಮೀಟರಿನ ತುಂಡನ್ನು ಚಾಕುವಿನಲ್ಲಿ ಬಿಡಿಸಿ, ಒಣ ಗಾಳಿ ಹಾಯಿಸಿ ಬೇಗ ಒಣಗಿಸಿ, ತಕ್ಷಣ ಮುಳುಗಿಸುತ್ತಾರೆ. ಚಿಕ್ಕದಾದ್ದರಿಂದ ಒಣಗುವುದೂ ತಣ್ಣಗಾಗುವುದೂ ಎಷ್ಟು ವೇಗ ಅಂದರೆ ಹಾಳಾಗಲೂ, ಮಂಜಿನ ಹರಳು ಬೆಳೆಯಲೂ ಸಮಯ ಸಾಲಲ್ಲ. ಕಿರಿದಾದ ಕಿಟಕಿ ಇದು. ಸ್ವಲ್ಪ ಹೆಚ್ಚು ಒಣಗಿದರೆ ಒಣಗಿಯೇ ಸಾವು, ಸ್ವಲ್ಪ ಕಡಿಮೆಯಾದರೆ ಮಂಜಿನಿಂದ ಸಾವು. ದೆಹಲಿಯ ರಾಷ್ಟ್ರೀಯ ಬೀಜಬ್ಯಾಂಕಿನಲ್ಲಿ ಇಂಥ ವಿಭಾಗವೇ ಇದೆ. ಹೊರತೆಗೆದ ಮೇಲೂ ಅದನ್ನು ಟಿಶ್ಯೂ ಕಲ್ಚರ್ ಬಾಟಲಿಯಲ್ಲಿ ಗಿಡ ಮಾಡಬೇಕು. ನಮ್ಮ ಹಿತ್ತಲ ಮಾವಿಗೆ ಬೇಕಾಗಿದ್ದದ್ದು ಇಷ್ಟೆಲ್ಲಾ ಅಲ್ಲ. ಕಡಿಯುವ ಮುಂಚೆ ಒಂದು ಕೊಂಬೆ ತಂದು ಬೇರೆ ಸಸಿಗೆ ಕಸಿ ಕಟ್ಟಿದ್ದರೆ ಸಾಕಿತ್ತು, ಅದೇ ಮರ ಮತ್ತೆ ಸಿಗುತ್ತಿತ್ತು. ಗೊರಟೆ ಹುಟ್ಟಿದ್ದರೂ ಹಣ್ಣು ಅದೇ ರುಚಿ ಇರುತ್ತಿತ್ತು ಅನ್ನುವ ಗ್ಯಾರಂಟಿ ಇರಲಿಲ್ಲ.

ಮೂರು ಜೋಳದ ಮೊಳಕೆಗಳನ್ನು ಕುಂಡದಲ್ಲಿ ನೆಟ್ಟೆ. ಒಂದನ್ನು ಸುಳಿ ನೊಣ ತಿಂದಿತು. ಉಳಿದ ಎರಡಕ್ಕೆ ತೆನೆ ಹೊರಬರುವ ಹೊತ್ತಿಗೆ ಅಪ್ಪ ಕಾಗದದ ಚೀಲ ಕಟ್ಟಿದರು, ಪಕ್ಕದ ಹೊಲದ ಮಾಲ್ದಂಡಿಯ ಪರಾಗ ಬೀಳದಿರಲಿ ಅಂತ. ಬೀಜಬ್ಯಾಂಕಿನವರೂ ಜೋಳವನ್ನು ಹೊಸದು ಮಾಡುವಾಗ ಇದನ್ನೇ ಮಾಡುವುದು. ಚೀಲ ಗುಬ್ಬಿಗೂ ಅಡ್ಡ ಬಂತು. ಸಾವಿರದ ಮೇಲೆ ಕಾಳು ಸಿಕ್ಕಿವೆ.

ಆದರೆ ಸಾವಿರ ಕಾಳು ಸಿಕ್ಕವು ಅಂದರೆ ತಳಿ ಉಳಿಯಿತು ಅಂತ ಅರ್ಥ ಅಲ್ಲ. ಆಯಿಯ ಜೋಳದಲ್ಲಿ ನೂರಕ್ಕೆ ಐದು ಗಿಡದಲ್ಲಿ ಮಾತ್ರ ಇದ್ದ ಒಂದು ಗುಣ ಇತ್ತು ಅಂದುಕೊಳ್ಳಿ, ಬರ ತಡೆಯುವುದೋ, ಚೆನ್ನಾಗಿ ಅರಳುವುದೋ. ಎರಡು ಗಿಡಗಳಲ್ಲಿ ಅದು ಇಲ್ಲದೆ ಹೋಗುವ ಸಂಭವ 0.95ರ ವರ್ಗ, ಅಂದರೆ ಶೇ 90. ಅದು ಶೇ 5ಕ್ಕಿಂತ ಕಡಿಮೆ ಆಗಬೇಕಾದರೆ 59 ಗಿಡ ಬೇಕು. ಅಷ್ಟು ಗಿಡ ಮೂರೂವರೆ ವರ್ಷದ ಹಿಂದೆ ಆ ಡಬ್ಬಿಯಲ್ಲಿ ಸಲೀಸಾಗಿ ಸಿಗುತ್ತಿದ್ದವು.

ಕಾಳನ್ನು ಈಗ ಸಿಲಿಕಾ ಜೆಲ್ ಜೊತೆ ಗಾಜಿನ ಬಾಟಲಿಯಲ್ಲಿ ಒಣಗಿಸಿ ಫ್ರಿಜ್ಜಿನಲ್ಲಿಟ್ಟಿದ್ದೇನೆ, ಮೇಲೆ ವರ್ಷ ಬರೆದ ಚೀಟಿ ಇದೆ. ಉಪ್ಪಿನಕಾಯಿ ಜೊತೆ ಯಾಕೆ ಇಟ್ಟಿ ಅಂತ ಅವ್ವ ಬೈಯುತ್ತಾಳೆ. ಆಯಿ ಮಾತ್ರ ಪಕ್ಕದ ಊರುಗಳ ತನ್ನ ಓರಗೆಯವರಿಗೆಲ್ಲಾ ಫೋನ್ ಮಾಡಿಸಿ, ಯಾರ ಗುಮ್ಮಿಯಲ್ಲಾದರೂ ಅಳ್ಳಿನ ಜೋಳ ಉಳಿದಿದೆಯಾ ಅಂತ ಕೇಳುತ್ತಿದ್ದಾಳೆ. ಇಲ್ಲಿವರೆಗೆ ಒಬ್ಬರು ಹೂಂ ಅಂದಿದ್ದಾರೆ. ದೀಪಾವಳಿ ರಜೆಗೆ ಹೋಗಿ ತರಬೇಕು, ಮೊದಲು ಐವತ್ತಲ್ಲ, ನೂರು ಕಾಳು ಬಟ್ಟೆಯಲ್ಲಿ ಸುತ್ತಿ ನೋಡಬೇಕು.